ಪದಚರ್ಚೆ: ಗುರುವಿನ ಗೋಚಾರದಲ್ಲಿ ‘ವೇಧೆ’ ಅಂದರೆ ಬಾಧೆಯೇ? ‘ಚಿಂತ್ಯ’ ಅಂದರೆ ಚಿಂತೆಯೇ?

ಕಟಪಾಡಿಯಿಂದ:

ನಮಸ್ಕಾರ. ಎರಡು ಪದಗಳ ಅರ್ಥ ಬೇಕಿತ್ತು. ಅಣ್ಣನ ಮಗಳದ್ದು ಅನುರಾಧಾ ನಕ್ಷತ್ರ, ವೃಶ್ಚಿಕ ರಾಶಿ. 2025ರ ಸೆಪ್ಟೆಂಬರಿನಲ್ಲಿ ಒಂದು ಸಂಬಂಧ ಬಂತು. ಗುರುಬಲ ಉಂಟಾ ಅಂತ ಕೇಳಿದ್ದಕ್ಕೆ ನಮ್ಮ ಜೋಯಿಸರು ಪಂಚಾಂಗದ ಹಳೇ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ಹೀಗೆ ಬರೆದುಕೊಟ್ಟರು: “ಗುರು ಈಗ 8. ಅಕ್ಟೋಬರ್ 18ರಿಂದ 9, ಅತಿಚಾರ. ಡಿಸೆಂಬರ್ 5ಕ್ಕೆ ಪುನಃ 8. ವೇಧೆ ಕೇತು. ಚಿಂತ್ಯ.”

ಅಣ್ಣ ಅದನ್ನು “ಕೇತುವಿನ ಬಾಧೆ, ಚಿಂತೆ” ಎಂದು ಓದಿ ಮಾತುಕತೆ ನಿಲ್ಲಿಸಿಬಿಟ್ಟ. ಜೋಯಿಸರು ಈಗಿಲ್ಲ, ಕೇಳುವ ಹಾಗಿಲ್ಲ. ಹುಡುಗ ಜೂನ್‌ನಲ್ಲಿ ಮತ್ತೆ ಊರಿಗೆ ಬರುತ್ತಾನಂತೆ. ‘ವೇಧೆ’ ಎಂಬುದು ‘ಬಾಧೆ’ಯ ತಪ್ಪು ಬರಹವೋ, ಬೇರೆಯೇ ಪದವೋ? ಇನ್ನು ಸರಿಯಾದದ್ದು ‘ಗೋಚರ’ವೋ ‘ಗೋಚಾರ’ವೋ? ನಮ್ಮ ಮನೆಯ ಎರಡು ಪಂಚಾಂಗಗಳಲ್ಲಿ ಎರಡು ಥರ ಉಂಟು.

ಕದ್ರಿಯಿಂದ:

ಬೇರೆಯೇ ಪದ. ಸಂಸ್ಕೃತದ ‘ವ್ಯಧ್’ ಧಾತು, ಚುಚ್ಚು ಎಂಬ ಅರ್ಥ. ಮಗುವಿನ ಕಿವಿ ಚುಚ್ಚುವುದಕ್ಕೆ ಕರ್ಣವೇಧ ಎನ್ನುವುದಿಲ್ಲವೇ, ಅದೇ. ಬಾಧೆಗೂ ಇದಕ್ಕೂ ಸಂಬಂಧ ಇಲ್ಲ.

ಲೆಕ್ಕ ಮಾತ್ರ ಜೋಯಿಸರು ತಪ್ಪಿದ್ದಾರೆ ಅನಿಸುತ್ತದೆ. ಒಂಬತ್ತರ ಗುರುವಿಗೆ ಹತ್ತರಿಂದ ವೇಧೆ ಎಂದು ಓದಿದ ನೆನಪು. ಆಗ ಗುರು ಇದ್ದದ್ದು ಕರ್ಕಾಟಕದಲ್ಲಿ. ಅಲ್ಲಿಂದ ಹತ್ತನೆಯದು ಮೇಷ, ಅದು ಖಾಲಿ. ಕೇತು ಇದ್ದದ್ದು ಸಿಂಹದಲ್ಲಿ, ಅಂದರೆ ಗುರುವಿನಿಂದ ಎರಡನೆಯ ಮನೆ. ಹಾಗಾಗಿ ವೇಧೆಯೇ ಇಲ್ಲ. ಅಣ್ಣನಿಗೆ ಧೈರ್ಯ ಹೇಳಿ.

ಸುರತ್ಕಲ್‌ನಿಂದ:

ಈ ಗುರುಬಲದ ಕಥೆ ನನ್ನ ಹತ್ತಿರ ಹೇಳಬೇಡಿ ಮಾರಾಯ್ರೆ. ನಾನೂ ವೃಶ್ಚಿಕ, ಜಾರ್ದೆ ತಿಂಗಳಲ್ಲಿ ಹುಟ್ಟಿದವ. 2024ರ ಮೇಯಿಂದ ಒಂದು ವರ್ಷ ಗುರು ವೃಷಭದಲ್ಲಿ, ನಿನಗೆ ಏಳನೆಯ ಗುರು, ಭಾರೀ ಒಳ್ಳೆಯದು ಎಂದು ಎಲ್ಲರೂ ಹೇಳಿದ್ದೇ. ಅದೇ ವರ್ಷ ಕೆಲಸ ಹೋಯಿತು, ತಂದೆಯವರ ಆಪರೇಷನ್ನಿಗೆ ಸಾಲ ಆಯಿತು.

ಉಡುಪಿ, ರಥಬೀದಿಯಿಂದ:

ಮೊದಲು ಸುರತ್ಕಲ್ಲಿನವರಿಗೆ. ಜಾರ್ದೆ ಅಂದರೆ *ಸೂರ್ಯ* ವೃಶ್ಚಿಕದಲ್ಲಿ ಇರುವ ತಿಂಗಳು. ನಮ್ಮಲ್ಲಿ ತಿಂಗಳಿಗೂ ರಾಶಿಗೂ ಹೀಗೆ ಗಂಟು ಬಿದ್ದಿರುವುದರಿಂದ ಈ ಗೊಂದಲ ಆಗಾಗ ಆಗುತ್ತದೆ. ಗೋಚಾರ ಎಣಿಸುವುದು ಹುಟ್ಟಿದಾಗ *ಚಂದ್ರ* ಇದ್ದ ರಾಶಿಯಿಂದ. ನಿಮ್ಮ ಜನ್ಮನಕ್ಷತ್ರ ಯಾವುದು?

ಇನ್ನು ವೇಧೆ. ಧಾತುವಿನ ವಿಚಾರದಲ್ಲಿ ಕದ್ರಿಯವರು ಸರಿ, ಎಣಿಕೆಯಲ್ಲಿ ಜಾರಿದ್ದಾರೆ. ಶುಭಸ್ಥಾನವನ್ನು ಹೇಗೋ ವೇಧಸ್ಥಾನವನ್ನೂ ಹಾಗೆಯೇ ಜನ್ಮರಾಶಿಯಿಂದ ಎಣಿಸಬೇಕು, ಗುರು ನಿಂತ ಮನೆಯಿಂದ ಅಲ್ಲ. ಜನ್ಮರಾಶಿಯೇ ಒಂದು ಎಂದು ಹಿಡಿಯಿರಿ. ವೃಶ್ಚಿಕ ಒಂದಾದರೆ ಮಿಥುನ ಎಂಟು, ಕರ್ಕಾಟಕ ಒಂಬತ್ತು, ಸಿಂಹ ಹತ್ತು. ಗುರು ಒಳ್ಳೆಯವನಾಗುವುದು 2, 5, 7, 9, 11ರಲ್ಲಿ. ಈ ಐದಕ್ಕೂ ಒಂದೊಂದು ಬಾಗಿಲು ಇದೆ, ಅಲ್ಲಿ ಬೇರೆ ಗ್ರಹ ನಿಂತರೆ ಬರುವ ಫಲ ತಡೆಯುತ್ತದೆ. ಎರಡಕ್ಕೆ ಹನ್ನೆರಡು, ಐದಕ್ಕೆ ನಾಲ್ಕು, ಏಳಕ್ಕೆ ಮೂರು, ಒಂಬತ್ತಕ್ಕೆ ಹತ್ತು, ಹನ್ನೊಂದಕ್ಕೆ ಎಂಟು. ಆಗ ಸಿಂಹದಲ್ಲಿ ಕೇತು ಇದ್ದ. ಜೋಯಿಸರ ಲೆಕ್ಕದಲ್ಲಿ ತಪ್ಪಿಲ್ಲ.

ಪದದ ಅರ್ಥ ಉಡುಪಿಯವರಿಗೆ ಹೊಸದಲ್ಲ. ಏಕಾದಶಿಗೆ ದಶಮೀವೇಧ ಬಂತು ಎನ್ನುತ್ತೇವಲ್ಲ? ಅರುಣೋದಯದ ಹೊತ್ತಿಗೆ ದಶಮಿ ತಾಗಿದರೆ ಆ ಏಕಾದಶಿ ‘ವಿದ್ಧ’, ಉಪವಾಸ ಮರುದಿನಕ್ಕೆ. ಏಕಾದಶಿ ಕೆಟ್ಟಿತು ಎಂದು ಯಾರೂ ಅಳುವುದಿಲ್ಲ, ಆ ದಿನ ಕೆಲಸಕ್ಕೆ ಬಾರದು ಅಷ್ಟೆ. ಇಲ್ಲಿಯೂ ಹಾಗೆಯೇ. ವೇಧೆಯಿಂದ ಕೆಟ್ಟದ್ದು *ಬರುವುದಿಲ್ಲ*, ಒಳ್ಳೆಯದು *ನಿಲ್ಲುತ್ತದೆ*. ಬಾಧೆ ಎಂದು ಓದಿದ್ದೇ ಅಣ್ಣನವರಿಗೆ ಬಾಧೆಯಾಯಿತು.

‘ಚಿಂತ್ಯ’ ಅಂದರೆ ಚಿಂತಿಸಬೇಕಾದದ್ದು, ಇನ್ನೂ ವಿಚಾರ ಮಾಡಬೇಕು ಎಂದು. ಹಳಬರು ನಿರ್ಣಯ ಸಿಕ್ಕದ ಕಡೆ ಅಂಚಿನಲ್ಲಿ ಹಾಗೆ ಬರೆಯುವ ಕ್ರಮ ಉಂಟು. ಇಲ್ಲಿ ಅದಕ್ಕೆ ಕಾರಣವೂ ಉಂಟು. ವೇಧೆಯನ್ನು ಸೂರ್ಯನಿಂದ ಶನಿಯವರೆಗಿನ ಏಳು ಗ್ರಹಗಳಿಗೆ ಮಾತ್ರ ಹೇಳುವವರು ಇದ್ದಾರೆ, ರಾಹು ಕೇತುಗಳನ್ನೂ ಸೇರಿಸುವವರು ಇದ್ದಾರೆ. ಜೋಯಿಸರಿಗೂ ಆ ಸಂಶಯ ಇದ್ದಿರಬೇಕು.

ಗೋಚರ, ಗೋಚಾರ ಎರಡೂ ನಡೆಯುತ್ತವೆ. ಸಂಸ್ಕೃತದಲ್ಲಿ ರೂಢವಾದದ್ದು ಗೋಚರ, ಮೂಲದಲ್ಲಿ ಹಸು ಮೇಯುವ ಬಯಲು. ಬೃಹತ್ಸಂಹಿತೆಯಲ್ಲಿ ಚಾರ, ಗೋಚರ ಎಂಬ ಎರಡು ಪದಗಳೂ ಬೇರೆಬೇರೆ ಕಡೆ ಇವೆ. ದೇಶಕ್ಕೆ, ಮಳೆಬೆಳೆಗೆ ಫಲ ಹೇಳುವ ಅಧ್ಯಾಯ ಬೃಹಸ್ಪತಿಚಾರ. ಒಬ್ಬೊಬ್ಬರ ಚಂದ್ರನಿಂದ ಫಲ ಹೇಳುವುದು ಗ್ರಹಗೋಚರ. ಕನ್ನಡದ ‘ಗೋಚಾರ’ದಲ್ಲಿ ಈ ಎರಡೂ ಬೆರೆತವೋ ಏನೋ, ಇದು ನನ್ನ ಊಹೆ. ನಿಮ್ಮ ಚೀಟಿಯ ‘ಅತಿಚಾರ’ದಲ್ಲಿ ಇರುವುದು ಆ ಚಾರವೇ. ಒಂದು ರಾಶಿಯಲ್ಲಿ ಸುಮಾರು ಒಂದು ವರ್ಷ ಇರಬೇಕಾದ ಗುರು ಅವಸರದಲ್ಲಿ ಮುಂದಿನ ಮನೆಗೆ ಕಾಲಿಟ್ಟು, ವಕ್ರಿಯಾಗಿ ಹಿಂದೆ ಬರುವುದು.

ಸುರತ್ಕಲ್‌ನಿಂದ:

ನಕ್ಷತ್ರ ಆರ್ದ್ರಾ. ಅಮ್ಮನ ಹತ್ತಿರ ಕೇಳಿ ಬರೆಯುತ್ತಿದ್ದೇನೆ.

ಉಡುಪಿ, ರಥಬೀದಿಯಿಂದ:

ಹಾಗಾದರೆ ನಿಮ್ಮದು ಮಿಥುನ ರಾಶಿ. ಅಲ್ಲಿಂದ ವೃಷಭ ಹನ್ನೆರಡನೆಯದು, ವ್ಯಯಸ್ಥಾನ. ನಿಮಗೆ ಏಳನೆಯ ಗುರು ಇರಲೇ ಇಲ್ಲ. ಖರ್ಚಿನ ವರ್ಷ ಸರಿಯಾಗಿ ಕೂತಿತು ಎಂದು ನಾನು ಬೀಗುವುದಿಲ್ಲ. ಮಿಥುನದವರೆಲ್ಲರಿಗೂ ಆ ವರ್ಷ ಕೆಲಸ ಹೋಗಿಲ್ಲವಲ್ಲ. ಅದಕ್ಕೇ ಹಳಬರು ಗೋಚಾರ ಒಂದನ್ನೇ ನೆಚ್ಚದೆ ದಶೆಯನ್ನೂ ಅಷ್ಟಕವರ್ಗವನ್ನೂ ನೋಡುತ್ತಾರೆ. ಗುರು ಹೊಕ್ಕ ರಾಶಿಯಲ್ಲಿ ಅವನ ಬಿಂದು ಎಂಟರಲ್ಲಿ ನಾಲ್ಕಕ್ಕಿಂತ ಕಡಿಮೆಯಾದರೆ ಒಂಬತ್ತರ ಗುರುವೂ ಸಪ್ಪೆ.

ಕದ್ರಿಯಿಂದ:

ಎಣಿಕೆ ತಪ್ಪಿದ್ದು ಒಪ್ಪಿದೆ. ಆದರೆ ಕೇತುವಿನ ವೇಧೆ ನಾನು ಒಪ್ಪುವುದಿಲ್ಲ. ಕೇತು ಒಂದು ರಾಶಿಯಲ್ಲಿ ಒಂದೂವರೆ ವರ್ಷ ಕೂರುತ್ತಾನೆ. ಹಾಗೆ ನೋಡಿದರೆ 2026ರ ಜೂನ್ ಆರಂಭದಲ್ಲಿ ಗುರು ಮತ್ತೆ ಕರ್ಕಾಟಕಕ್ಕೆ ಬಂದು ಅಕ್ಟೋಬರ್ ಕೊನೆಯವರೆಗೆ ಇರುವಾಗಲೂ ಕೇತು ಸಿಂಹದಲ್ಲೇ. ಅಷ್ಟು ದಿನ ವೃಶ್ಚಿಕದವರಿಗೆಲ್ಲ ಗುರುಬಲ ಬಂದ್ ಎನ್ನುವುದೇ?

ಉಡುಪಿ, ರಥಬೀದಿಯಿಂದ:

ಅಲ್ಲಿಯೇ ಪಾಠಭೇದ ಇರುವುದು, ನಾನು ತೀರ್ಪು ಕೊಡಲಾರೆ. ಜೂನ್ ತಿಂಗಳಲ್ಲಿ ಸಿಂಹದಲ್ಲಿ ಕೇತು ಬಿಟ್ಟರೆ ಎರಡೂಕಾಲು ದಿನ ಹಾದುಹೋಗುವ ಚಂದ್ರ ಮಾತ್ರ. ಆಗಸ್ಟ್ 17ರ ಸೋಣ ಸಂಕ್ರಮಣಕ್ಕೆ ಸೂರ್ಯನೇ ಅಲ್ಲಿಗೆ ಬರುತ್ತಾನೆ, ಆ ವೇಧೆಯಲ್ಲಿ ಯಾರಿಗೂ ತಕರಾರಿಲ್ಲ.

ಕಟಪಾಡಿಯಿಂದ:

ಅಣ್ಣನಿಗೆ ಓದಿ ಹೇಳಿದೆ. ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಾಗ ‘ಚಿಂತ್ಯ’ದ ಕೆಳಗೆ ಮಾಸಿದ ಅಕ್ಷರದಲ್ಲಿ “ಕರ್ಕ ಬಿಂ 5” ಅಂತ ಇನ್ನೊಂದು ಸಾಲು ಕಂಡಿತು. ನಾವು ಅದನ್ನು ಯಾವುದೋ ಅಂಗಡಿಯ ಬಿಲ್ಲಿನ ಲೆಕ್ಕ ಅಂದುಕೊಂಡಿದ್ದೆವು. ಹುಡುಗನ ಮನೆಗೆ ನಾಳೆ ಫೋನ್ ಮಾಡುತ್ತೇನೆ ಎಂದಿದ್ದಾನೆ. ಅತ್ತಿಗೆ ಮಾತ್ರ, ಕೇತುವಿನದ್ದು ಮೊದಲು ಇತ್ಯರ್ಥ ಆಗಲಿ ಅನ್ನುತ್ತಿದ್ದಾರೆ.