ಕ್ಲಿನಿಕ್ ನಂಬರ್ ಕೆಂಪಗೆ ಬರುತ್ತಿದೆ, ಯಾಕೆ?

ಪ್ರಶ್ನೆ: ನಾನು ಹಲ್ಲಿನ ಕ್ಲಿನಿಕ್ ಒಂದರ ರಿಸೆಪ್ಷನ್‌ನಲ್ಲಿದ್ದೇನೆ. ಮಾರನೇ ದಿನ ಬರಬೇಕಾದವರಿಗೆ ಬೆಳಿಗ್ಗೆ ಫೋನ್ ಮಾಡಿ ನೆನಪಿಸುತ್ತೇವೆ. ಎರಡು ವಾರದಿಂದ ಕೆಲವರ ಫೋನಿನಲ್ಲಿ ನಮ್ಮ ನಂಬರ್ ಸ್ಪ್ಯಾಮ್ ಅಂತ ಕೆಂಪಗೆ ಬರುತ್ತಿದೆಯಂತೆ. ಕೆಲವರಿಗೆ ಮಾತ್ರ ಸರಿಯಾಗೇ ಇದೆ. ನಾವು ಯಾರಿಗೂ ಏನೂ ಮಾರುವುದಿಲ್ಲ. ಹೀಗೇಕೆ?

ಆ್ಯಪ್ ಬಳಸುವ ಸದಸ್ಯರು: ಯಾರೋ ರಿಪೋರ್ಟ್ ಮಾಡಿದ್ದಾರೆ, ಅಷ್ಟೇ. ಕರೆ ಮಾಡಿದವರ ಹೆಸರು ತೋರಿಸುವ ಆ್ಯಪ್‌ನಲ್ಲಿ ನಿಮ್ಮ ನಂಬರ್ ಹುಡುಕಿ ‘ಸ್ಪ್ಯಾಮ್ ಅಲ್ಲ’ ಅಂತ ಒತ್ತಿ. ಮುಗೀತು.

ಟೆಲಿಕಾಂ ಇಂಜಿನಿಯರ್: ರಿಪೋರ್ಟ್ ಕೂಡ ಲೆಕ್ಕಕ್ಕೆ ಬರುತ್ತದೆ, ನಿಜ. ಆದರೆ ಒಬ್ಬರೂ ದೂರದೆ ಇದ್ದರೂ ನಂಬರ್ ಕೆಂಪಗಾಗಬಹುದು. ಮೇಡಂ, ದಿನಕ್ಕೆ ಎಷ್ಟು ಕಾಲ್ ಮಾಡುತ್ತೀರಿ? ಎಷ್ಟು ಜನ ಎತ್ತುತ್ತಾರೆ?

ಕೇಳಿದವರು: ಒಂಬತ್ತರಿಂದ ಹತ್ತೂವರೆಯೊಳಗೆ ಸುಮಾರು 140. ಐವತ್ತು ಜನ ಎತ್ತಬಹುದು. ಮಾತು ಇಪ್ಪತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಎತ್ತದವರಿಗೆ ಆಗಲೇ ಇನ್ನೊಂದು ಸಲ ಮಾಡುತ್ತೇವೆ.

ಟೆಲಿಕಾಂ ಇಂಜಿನಿಯರ್: ಗುಟ್ಟು ಅಲ್ಲೇ ಇದೆ. ನೀವು ಏನು ಮಾತಾಡುತ್ತೀರಿ ಅನ್ನೋದು ಸ್ಪ್ಯಾಮ್ ಗುರುತಿಸುವ ವ್ಯವಸ್ಥೆಗೆ ಗೊತ್ತಿಲ್ಲ. ಅದು ನೋಡುವುದು ನಂಬರಿನ ನಡವಳಿಕೆಯನ್ನು. ಒಂದೂವರೆ ಗಂಟೆಯಲ್ಲಿ 140 ಬೇರೆ ಬೇರೆ ಜನ. ಎತ್ತದ ತೊಂಬತ್ತು ಜನಕ್ಕೆ ಮತ್ತೆ ಒಂದೊಂದು ಸಲ, ಅಂದರೆ 230 ಕಾಲ್. ಮಾತು ಇಪ್ಪತ್ತು ಸೆಕೆಂಡು. ವಾಪಸ್ ಮಾಡುವವರು ಕಮ್ಮಿ. ಸಾಲ ಬೇಕಾ ಅಂತ ಪೀಡಿಸುವವರ ನಂಬರೂ ದೂರದಿಂದ ಹೀಗೇ ಕಾಣುತ್ತದೆ, ಅಲ್ವಾ?

ಇನ್ನೂ ಒಂದು ಕಷ್ಟವಿದೆ. ಒಮ್ಮೆ ಕೆಂಪಗಾದ ಮೇಲೆ ಎತ್ತುವವರು ಇನ್ನೂ ಕಮ್ಮಿಯಾಗುತ್ತಾರೆ. ಎತ್ತುವವರು ಕಮ್ಮಿಯಾದಷ್ಟೂ ಗುಮಾನಿ ಜಾಸ್ತಿ. ಸುಳಿಯ ಹಾಗೆ ಅದು.

ಕೆಲವರಿಗೆ ಮಾತ್ರ ಕೆಂಪಗೆ ಕಾಣುವುದು ಯಾಕೆಂದರೆ ಎಲ್ಲರಿಗೂ ಸೇರಿ ಒಂದೇ ಪಟ್ಟಿ ಅಂತಿಲ್ಲ. ಟೆಲಿಕಾಂ ಕಂಪನಿಯದು ಒಂದು, ಫೋನ್ ತಯಾರಿಸಿದವರದು ಇನ್ನೊಂದು, ಆ್ಯಪ್‌ಗಳದು ಬೇರೆ. ಐಫೋನಿನಲ್ಲಿ ಆ್ಯಪ್ ತನ್ನ ಪಟ್ಟಿಯನ್ನು ಮೊದಲೇ ಫೋನಿಗೆ ಕೊಟ್ಟಿಟ್ಟಿರಬಹುದು. ಹಾಗಿದ್ದಾಗ ಅಲ್ಲಿ ಸರಿಪಡಿಸಿದರೂ, ಪಟ್ಟಿ ಹೊಸದಾಗುವವರೆಗೆ ಆ ಫೋನಿನಲ್ಲಿ ಕೆಂಪೇ. ಹಾಗಾಗಿ ಒಂದು ಆ್ಯಪ್‌ನಲ್ಲಿ ಒತ್ತಿದರೆ ಮುಗಿಯುವುದಿಲ್ಲ. ಯಾರ ಫೋನಿನಲ್ಲಿ ಕಂಡಿತೋ ಅವರಿಂದ ಸ್ಕ್ರೀನ್‌ಶಾಟ್ ತರಿಸಿಕೊಳ್ಳಿ. ಆ ಗುರುತು ಯಾರದೆಂದು ತಿಳಿದು, ಅವರಿಗೇ ಅರ್ಜಿ ಹಾಕಿ.

ಮತ್ತೊಬ್ಬ ಸದಸ್ಯರು: ನನ್ನದೂ ಇದೇ ಗೋಳು ಸರ್! ನಾನು ಯಾರಿಗೆ ಫೋನ್ ಮಾಡಿದರೂ ‘ಪ್ಲಂಬರ್ ಹೊಸ ನಂಬರ್’ ಅಂತ ಬರುತ್ತದೆ. ನಾನು ಲೆಕ್ಕದ ಮೇಷ್ಟ್ರು.

ಟೆಲಿಕಾಂ ಇಂಜಿನಿಯರ್: ಮೇಷ್ಟ್ರೇ, ನಿಮ್ಮದು ಬೇರೆ ಕಥೆ. ಅದು ಹೆಸರಿನ ತೊಂದರೆ. ಆ್ಯಪ್‌ಗಳಲ್ಲಿ ಎಷ್ಟೋ ಹೆಸರುಗಳು ಬಳಸುವವರೇ ಕೊಟ್ಟಿದ್ದು. ನಿಮಗಿಂತ ಮೊದಲು ಆ ನಂಬರ್ ಒಬ್ಬ ಪ್ಲಂಬರ್ ಬಳಿ ಇದ್ದಿರಬೇಕು. ಆ್ಯಪ್‌ನಲ್ಲಿ ನಿಮ್ಮ ನಂಬರ್ ನೋಂದಾಯಿಸಿ ಹೆಸರು ತಿದ್ದಿ.

ಕೇಳಿದವರು: ನಾಲ್ಕು ಹೊಸ ಸಿಮ್ ತಂದು ಸರದಿ ಮೇಲೆ ಬಳಸೋಣ ಅಂತಿದ್ದಾರೆ ನಮ್ಮ ಡಾಕ್ಟರ್.

ಟೆಲಿಕಾಂ ಇಂಜಿನಿಯರ್: ದಯವಿಟ್ಟು ಬೇಡ. ನಂಬರ್ ಬದಲಿಸುತ್ತಾ ಹೋಗುವುದು ಸ್ಪ್ಯಾಮ್ ಮಾಡುವವರದೇ ಹಳೇ ಚಾಳಿ. ನಿನ್ನೆ ಹುಟ್ಟಿದ ನಂಬರ್ ಇವತ್ತು ಮೂವತ್ತು ಜನಕ್ಕೆ ಹೋದರೆ ಅನುಮಾನ ಇನ್ನೂ ಬೇಗ. ಮೇಷ್ಟ್ರಿಗಾದಂತೆ ಹಳೇ ಮಾಲೀಕರ ಕರ್ಮವೂ ಅಂಟಿಕೊಂಡು ಬರಬಹುದು.

ಮೊದಲು ಮೆಸೇಜ್ ಕಳಿಸಿ. ಉತ್ತರ ಬರದವರಿಗೆ ಮಾತ್ರ ಕಾಲ್ ಮಾಡಿ, ಅದನ್ನೂ ದಿನವಿಡೀ ಹರಡಿ. ಎತ್ತದಿದ್ದರೆ ತಕ್ಷಣ ಮತ್ತೆ ಮಾಡಬೇಡಿ. ಬಂದವರಿಗೆ ನಂಬರ್ ಸೇವ್ ಮಾಡಿಕೊಳ್ಳಲು ಹೇಳಿ. ಸೇವ್ ಆದ ನಂಬರಿಗೆ ಸಾಮಾನ್ಯವಾಗಿ ಅವರು ಇಟ್ಟ ಹೆಸರೇ ಬರುತ್ತದೆ.

ಆ್ಯಪ್ ಬಳಸುವ ಸದಸ್ಯರು: ಅಮೆರಿಕದಲ್ಲಿ ಪ್ರತಿ ಕಾಲ್‌ಗೂ ಸಹಿ ಹಾಕುತ್ತಾರಂತೆ. ಅದು ಎಲ್ಲ ಕಡೆ ಬಂದರೆ ಈ ರಗಳೆ ಇರಲ್ಲ.

ಟೆಲಿಕಾಂ ಇಂಜಿನಿಯರ್: 2021ರಿಂದ ಅಲ್ಲಿನ ದೊಡ್ಡ ಕಂಪನಿಗಳಿಗೆ ಅದು ಕಡ್ಡಾಯ, ಸ್ಟರ್-ಶೇಕನ್ ಅಂತ ಹೆಸರು. ಆದರೆ ಈ ನಂಬರ್ ಬಳಸುವ ಹಕ್ಕು ಕರೆ ಮಾಡಿದವರಿಗೆ ಇದೆಯಾ ಅನ್ನೋದನ್ನಷ್ಟೇ ಸಹಿ ಹೇಳುತ್ತದೆ. ಅವರು ಒಳ್ಳೆಯವರಾ ಅಂತ ಹೇಳುವುದಿಲ್ಲ. ಸ್ವಂತ ನಂಬರಿನಿಂದಲೇ ಸ್ಪ್ಯಾಮ್ ಮಾಡುವವನ ಕಾಲ್‌ಗೂ ಪಕ್ಕಾ ಸಹಿ ಇರುತ್ತದೆ. ದಾರಿಯಲ್ಲಿ ಇಂಟರ್ನೆಟ್ ಅಲ್ಲದ ಹಳೇ ಲೈನ್ ಸಿಕ್ಕಿದರೆ ಸಹಿ ಅಲ್ಲೇ ಉದುರಿಹೋಗುವುದೂ ಉಂಟು.

ಮೇಡಂ, ಕೊನೆಗೆ ಒಂದು ಕೇಳಬೇಕಿತ್ತು. ‘ನೀವು ಕಾಲ್ ಮಾಡಿದ್ರಿ’ ಅಂತ ಅಪರಿಚಿತರು ಯಾರಾದರೂ ವಾಪಸ್ ಮಾಡಿದ್ದಾರಾ?

ಕೇಳಿದವರು: ಹೌದು ಸರ್, ಈ ವಾರ ಇಬ್ಬರು. ಒಬ್ಬರು ರಾತ್ರಿ ಎಂಟಕ್ಕೆ ಕಾಲ್ ಬಂತು ಅಂದರು. ಆ ಹೊತ್ತಿಗೆ ನಾವು ಬಾಗಿಲು ಹಾಕಿರುತ್ತೇವೆ.

ಟೆಲಿಕಾಂ ಇಂಜಿನಿಯರ್: ಹಾಗಾದರೆ ನಿಮ್ಮ ನಂಬರ್ ತೋರಿಸಿಕೊಂಡು ಬೇರೆ ಯಾರೋ ಕರೆ ಮಾಡುತ್ತಿರಬಹುದು. ಇಂಟರ್ನೆಟ್ ಮೂಲಕ ಹೋಗುವ ಕಾಲ್‌ನಲ್ಲಿ ತೋರಿಸುವ ನಂಬರನ್ನು ಕಳಿಸುವ ಕಡೆಯವರೇ ತುಂಬುತ್ತಾರೆ. ಎಲ್ಲರೂ ಅದನ್ನು ಪರೀಕ್ಷಿಸುವುದಿಲ್ಲ. ಬಿಲ್ಲಿನಲ್ಲಿ ಆ ಎಂಟು ಗಂಟೆಯ ಕಾಲ್ ಇದೆಯಾ ನೋಡಿ. ಇಲ್ಲದಿದ್ದರೆ ತಾರೀಖು, ಸಮಯ ಬರೆದು ನಿಮ್ಮ ಟೆಲಿಕಾಂ ಕಂಪನಿಗೆ ಲಿಖಿತ ದೂರು ಕೊಡಿ.

ಕೇಳಿದವರು: ಬಿಲ್ ಡಾಕ್ಟರ ಹತ್ತಿರ ಇದೆ. ನಾಳೆ ನೋಡಿ ಇಲ್ಲೇ ಹಾಕುತ್ತೇನೆ.