ಒಂದೇ ಪದರ, ಎರಡು ಪ್ರೀಕನ್ಸಾಲಿಡೇಷನ್ ಒತ್ತಡ: ಕುಸಿತದ ಲೆಕ್ಕಕ್ಕೆ ಯಾವುದನ್ನು ನಂಬುವುದು?

ಪ್ರಶ್ನೆ (ವಿನ್ಯಾಸ ಎಂಜಿನಿಯರ್): ಅಡಿಪಾಯದ ಕೆಳಗೆ 4 ಮೀಟರ್ ದಪ್ಪದ ಜೇಡಿಮಣ್ಣಿನ ಪದರವಿದೆ. ಅದರ ನಡುಮಟ್ಟದಲ್ಲಿ ಈಗಿರುವ ಪರಿಣಾಮಕಾರಿ ಒತ್ತಡ 80 ಕಿಲೋಪಾಸ್ಕಲ್, ಕಟ್ಟಡದಿಂದ ಸೇರುವುದು 60. ಮಣ್ಣನ್ನು ಹಂತಹಂತವಾಗಿ ಒತ್ತಿ ಕುಗ್ಗುವಿಕೆ ಅಳೆಯುವ ಈಡೋಮೀಟರ್ ಪರೀಕ್ಷೆಗೆ ಕಳುಹಿಸಿದ ಎರಡು ಮಾದರಿಗಳಲ್ಲಿ ಒಂದು 110, ಇನ್ನೊಂದು 160 ಕಿಲೋಪಾಸ್ಕಲ್ ಪ್ರೀಕನ್ಸಾಲಿಡೇಷನ್ ಒತ್ತಡ, ಅಂದರೆ ಮಣ್ಣು ಹಿಂದೆ ಹೊತ್ತ ಗರಿಷ್ಠ ಒತ್ತಡ, ತೋರಿಸಿದೆ. ಸರಾಸರಿ 135 ಹಿಡಿದು ಕುಸಿತ ಲೆಕ್ಕ ಹಾಕಿದರೆ ತಪ್ಪೇ? ಆ ಒತ್ತಡ ದಾಟಿದ ಮೇಲಿನ ಕುಗ್ಗುವಿಕೆಯ ಇಳಿಜಾರು Cc 0.40, ದಾಟುವ ಮುಂಚಿನದು Cr 0.06. ಮಣ್ಣಿನ ಕಣಗಳ ಗಾತ್ರಕ್ಕೆ ಖಾಲಿ ಜಾಗದ ಅನುಪಾತ, ಅಂದರೆ ವಾಯ್ಡ್ ರೇಶಿಯೋ, ಆರಂಭದಲ್ಲಿ 1.00.

ಕಿರಿಯ ಎಂಜಿನಿಯರ್: ಹಳೆಯ ಗರಿಷ್ಠ ಒತ್ತಡವನ್ನು ಈಗಿನ ಒತ್ತಡದಿಂದ ಭಾಗಿಸಿದರೆ ಸಿಗುವ ಓಸಿಆರ್ ಎರಡರಲ್ಲೂ ಒಂದಕ್ಕಿಂತ ಹೆಚ್ಚೇ ಬರುತ್ತದೆ ಸರ್. ಅಂದರೆ ಮಣ್ಣು ಹಿಂದೆಯೇ ಇದಕ್ಕಿಂತ ಹೆಚ್ಚಿನ ಭಾರ ಹೊತ್ತಿದೆ. Cr ಮಾತ್ರ ಬಳಸಿದರೆ ಸಾಕು, ಕುಸಿತ ಸುಮಾರು 30 ಮಿಲಿಮೀಟರ್. ಯಾವ ಮಾದರಿ ಎಂಬ ಚರ್ಚೆಯೇ ಬೇಕಾಗಿಲ್ಲ.

ಭೂತಾಂತ್ರಿಕ ಸಲಹೆಗಾರರು: 160 ನಿಜವಾಗಿದ್ದರೆ ನಿಮ್ಮ ಮಾತು ಸರಿ, 110 ಆಗಿದ್ದರೆ ತಪ್ಪು. ಈಗಿನ ಒತ್ತಡವನ್ನು ಮಾತ್ರ ನೋಡಿದರೆ ಸಾಲದು, ಕಟ್ಟಡ ಬಂದ ಮೇಲಿನ ಒತ್ತಡ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ನೋಡಬೇಕು. ಇಲ್ಲಿ ಅದು 140. ಮಣ್ಣಿನ ಹಳೆಯ ಗರಿಷ್ಠ ಒತ್ತಡ 110 ಆಗಿದ್ದರೆ 80ರಿಂದ 110ರವರೆಗೆ Cr, ಅಲ್ಲಿಂದ 140ರವರೆಗೆ Cc:

```
S = H/(1+e0) × [Cr·log(σ'p/σ'v0) + Cc·log(σ'f/σ'p)]

σ'p = 160 :  2 × 0.06 × log(140/80)                           =  29 mm
σ'p = 110 :  2 × [0.06 × log(110/80) + 0.40 × log(140/110)]   = 100 mm
σ'p =  80 :  2 × 0.40 × log(140/80)                           = 194 mm
```

ಕೊನೆಯ ಸಾಲು ಓಸಿಆರ್ 1 ಇರುವ ಮಣ್ಣಿನದು. ಓಸಿಆರ್ 1ರಿಂದ 2ಕ್ಕೆ ಏರಿದಾಗ ಕುಸಿತ ಅರ್ಧವಾಗಲಿಲ್ಲ, ಸುಮಾರು ಆರೂಮುಕ್ಕಾಲು ಪಾಲಿನಲ್ಲಿ ಒಂದು ಪಾಲಾಯಿತು. ಆದರೆ ಹಳೆಯ ಗರಿಷ್ಠ ಒತ್ತಡ 140 ದಾಟಿದ ಮೇಲೆ ಓಸಿಆರ್ ಎಷ್ಟು ಹೆಚ್ಚಿದರೂ ಈ ಲೆಕ್ಕದಲ್ಲಿ ಉತ್ತರ 29ರಲ್ಲೇ ನಿಲ್ಲುತ್ತದೆ. ಇಳಿಕೆಯೆಲ್ಲ 80ರಿಂದ 140ರ ನಡುವೆಯೇ ಆಗುವುದರಿಂದ ಆ ವ್ಯಾಪ್ತಿಯಲ್ಲಿ ಒಂದೊಂದು ಕಿಲೋಪಾಸ್ಕಲಿಗೂ ಬೆಲೆಯಿದೆ.

ಸರಾಸರಿ ಬೇಡ ಎನ್ನುವುದೂ ಇದೇ ಕಾರಣಕ್ಕೆ. 135 ಹಿಡಿದರೆ 40 ಮಿಲಿಮೀಟರ್ ಬರುತ್ತದೆ, ಆದರೆ 29 ಮತ್ತು 100ರ ನಡುಬಿಂದು 65. ಒತ್ತಡದ ಸರಾಸರಿ ಕುಸಿತದ ಸರಾಸರಿಯನ್ನು ಕೊಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಎರಡು ಮಾದರಿಗಳಲ್ಲಿ ಒಂದು ಕೆಟ್ಟಿದ್ದರೆ ಅದನ್ನು ಒಳ್ಳೆಯದರ ಜೊತೆ ಬೆರೆಸುವುದರಲ್ಲಿ ಅರ್ಥವಿಲ್ಲ. 50 ಮತ್ತು 100 ಕಿಲೋಪಾಸ್ಕಲ್ ಹಂತಗಳಲ್ಲಿ ಎರಡರ ವಾಯ್ಡ್ ರೇಶಿಯೋ ಎಷ್ಟಿತ್ತು, ತಿಳಿಸಿ.

ಪ್ರಶ್ನೆ ಕೇಳಿದವರು: 110 ಕೊಟ್ಟ ಮಾದರಿಯಲ್ಲಿ 0.935 ಮತ್ತು 0.895. 160 ಕೊಟ್ಟದ್ದರಲ್ಲಿ 0.975 ಮತ್ತು 0.960. ಎರಡಕ್ಕೂ ಭಾರದ ಹಂತಗಳು 25, 50, 100, 200, 400, 800. Cc ಮತ್ತು Cr ಎರಡನೆಯದರವು. Cr ಅನ್ನು ಭಾರ ಇಳಿಸಿ ಮತ್ತೆ ಏರಿಸಿದ ಸುತ್ತಿನಿಂದ ತೆಗೆದಿದ್ದೇವೆ.

ಭೂತಾಂತ್ರಿಕ ಸಲಹೆಗಾರರು: ಮೊದಲನೆಯದು ಕದಡಿದ ಮಾದರಿ. ನೆಲದಲ್ಲಿ ಹೊತ್ತಿದ್ದ 80 ಕಿಲೋಪಾಸ್ಕಲನ್ನೇ ಯಂತ್ರದಲ್ಲಿ ಮತ್ತೆ ಹೇರಿದಾಗ ಒಳ್ಳೆಯ ಮಾದರಿ ಹೆಚ್ಚು ಕುಗ್ಗಬಾರದು. ನಿಮ್ಮ ಅಂಕಿಗಳ ನಡುವೆ ಲಾಗ್ ಪ್ರಮಾಣದಲ್ಲಿ ಓದಿದರೆ ಮೊದಲನೆಯದು 80ರಲ್ಲಿ ಸುಮಾರು 0.91ಕ್ಕೆ ಇಳಿದಿದೆ. ಇಳಿಕೆಯನ್ನು ಆರಂಭದ ವಾಯ್ಡ್ ರೇಶಿಯೋದಿಂದ ಭಾಗಿಸಿದರೆ 0.09. ಓಸಿಆರ್ 1ರಿಂದ 2ರವರೆಗಿನ ಮಣ್ಣಿಗೆ ಇದು 0.04ರ ಒಳಗಿದ್ದರೆ ಮಾದರಿ ಬಹಳ ಚೆನ್ನಾಗಿದೆ ಎನ್ನುತ್ತೇವೆ, 0.07 ದಾಟಿದರೆ ಕಳಪೆ. ಎರಡನೆಯದಕ್ಕೆ 0.035 ಬರುತ್ತದೆ.

ಕದಡಿದ ಮಾದರಿಯ ವಕ್ರರೇಖೆಯಲ್ಲಿ Cr ಇಳಿಜಾರಿನಿಂದ Cc ಇಳಿಜಾರಿಗೆ ಹೊರಳುವ ತಿರುವು ಸವೆದು ದುಂಡಗಾಗುತ್ತದೆ. ಕ್ಯಾಸಗ್ರಾಂಡೆ ವಿಧಾನದಲ್ಲಿ ಅತಿ ಹೆಚ್ಚು ಬಾಗಿದ ಬಿಂದುವನ್ನು ಕಣ್ಣಳತೆಯಲ್ಲಿ ಆರಿಸುತ್ತೇವೆ. ಅಲ್ಲಿ ಸ್ಪರ್ಶರೇಖೆ ಮತ್ತು ಅಡ್ಡರೇಖೆ ಎಳೆದು, ಅವುಗಳ ನಡುವಿನ ಕೋನವನ್ನು ಅರ್ಧಿಸುವ ರೇಖೆ ಕೆಳಗಿನ ನೇರ ಭಾಗದ ವಿಸ್ತರಣೆಯನ್ನು ಕೂಡುವಲ್ಲಿ ಉತ್ತರ ಓದುತ್ತೇವೆ. ತಿರುವೇ ದುಂಡಗಿದ್ದಾಗ ಆ ಬಿಂದು ಎಲ್ಲಿ ಬೇಕಾದರೂ ಕೂರಬಹುದು, ಸಾಮಾನ್ಯವಾಗಿ ಉತ್ತರ ಕಡಿಮೆಯ ಕಡೆಗೆ ಜಾರುತ್ತದೆ. ಕೆಳಗಿನ ನೇರ ಭಾಗವೂ ಚಪ್ಪಟೆಯಾಗಿ Cc ಸಣ್ಣದಾಗುತ್ತದೆ. Cr ಅನ್ನು ಇಳಿಸಿ ಏರಿಸಿದ ಸುತ್ತಿನಿಂದ ತೆಗೆದದ್ದು ತುಂಬಾ ಒಳ್ಳೆಯದಾಯಿತು. ಮೊದಲ ಮಾದರಿಯ ಆರಂಭದ ಇಳಿಜಾರಿನಿಂದ ತೆಗೆದಿದ್ದರೆ 0.13 ಬಂದು, 29 ಮಿಲಿಮೀಟರ್ 63 ಆಗುತ್ತಿತ್ತು.

ಆದರೆ 160 ಅನ್ನೂ ನಾನು ಕಣ್ಣುಮುಚ್ಚಿ ಒಪ್ಪುವುದಿಲ್ಲ. 100 ಮತ್ತು 200ರ ನಡುವೆ ನಿಮಗೆ ಒಂದೇ ಒಂದು ಬಿಂದುವೂ ಇಲ್ಲ. ತಿರುವು ಇರುವುದು ಅಲ್ಲೇ. ಅಲ್ಲಿ ಕಾಣುವ ಬಾಗು ಮಣ್ಣಿನದಲ್ಲ, ಎರಡು ಬಿಂದುಗಳ ನಡುವೆ ಕೈಯಿಂದ ಎಳೆದ ಗೆರೆಯದು.

ಗುತ್ತಿಗೆದಾರರು: ನಮ್ಮ ಒಂದು ಕೆಲಸದಲ್ಲಿ ನೆಲಮಾಳಿಗೆಗಾಗಿ 3 ಮೀಟರ್ ಅಗೆದು ಕಟ್ಟಿದೆವು. ಕೆಳಗೆ ಮೆತ್ತನೆಯ ಜೇಡಿಯೇ ಇತ್ತು, ಕುಸಿತ ಹೆಚ್ಚುಕಡಿಮೆ ಇರಲೇ ಇಲ್ಲ. ಇಷ್ಟೆಲ್ಲ ಲೆಕ್ಕ ಬೇಕೇ?

ಭೂತಾಂತ್ರಿಕ ಸಲಹೆಗಾರರು: ನಿಮ್ಮಲ್ಲಿ ಅಗೆತವೇ ಆ ಲೆಕ್ಕ ಮಾಡಿಬಿಟ್ಟಿದೆ. ಘನ ಮೀಟರಿಗೆ 18 ಕಿಲೋನ್ಯೂಟನ್ ತೂಗುವ ಮಣ್ಣು 3 ಮೀಟರ್ ಹೋದರೆ 54 ಕಿಲೋಪಾಸ್ಕಲ್ ಭಾರ ಇಳಿಯುತ್ತದೆ. ಅಗೆತದ ತಳದಲ್ಲಿ ಅಷ್ಟರ ಮಟ್ಟಿಗೆ ಕಟ್ಟಡದ ಭಾರ ಹಳೆಯ ಭಾರವನ್ನೇ ಮರಳಿಸುತ್ತದೆ, ಮಣ್ಣು Cr ಇಳಿಜಾರಿನಲ್ಲೇ ಉಳಿಯುತ್ತದೆ. ಪ್ರಶ್ನೆಯಲ್ಲಿರುವ 60 ಅಗೆತವನ್ನು ಕಳೆದ ಮೇಲಿನದೇ?

ಪ್ರಶ್ನೆ ಕೇಳಿದವರು: ಹೌದು, ಕಳೆದ ಮೇಲಿನದು. ಅದೇ ಆಳದಲ್ಲಿ, ನೆಲದೊಳಗೇ ಅಲಗು ತಿರುಗಿಸಿ ಮಣ್ಣಿನ ಬಲ ಅಳೆಯುವ ವೇನ್ ಶಿಯರ್ ಪರೀಕ್ಷೆಯೂ ಆಗಿದೆ. ಪ್ಲಾಸ್ಟಿಸಿಟಿಗೆ ತಿದ್ದಿದ ಮೇಲೆ ಬಲ 30 ಕಿಲೋಪಾಸ್ಕಲ್.

ಭೂತಾಂತ್ರಿಕ ಸಲಹೆಗಾರರು: ಬಹಳ ಉಪಯುಕ್ತ ಅಂಕಿ. ಮೆತ್ತನೆಯ ಜೇಡಿಯಲ್ಲಿ ತಿದ್ದಿದ ವೇನ್ ಬಲ ಪ್ರೀಕನ್ಸಾಲಿಡೇಷನ್ ಒತ್ತಡದ ಸುಮಾರು 0.22 ಪಾಲು ಇರುತ್ತದೆ. 30 ಅನ್ನು 0.22ರಿಂದ ಭಾಗಿಸಿದರೆ 136. ಇದು ತಾಳೆ ನೋಡಲು ಮಾತ್ರ, ವಿನ್ಯಾಸದ ಅಂಕಿಯಲ್ಲ. ಆದರೂ 110 ತೀರಾ ಕಡಿಮೆ ಎಂಬುದಕ್ಕೆ ಇದು ಇನ್ನೊಂದು ಸಾಕ್ಷಿ. ಜೊತೆಗೆ 160 ಸ್ವಲ್ಪ ಹೆಚ್ಚಿರಬಹುದೆಂಬ ಅನುಮಾನವನ್ನೂ ಹುಟ್ಟಿಸುತ್ತದೆ.

ಎರಡನೆಯ ಮಾದರಿಯ ಕೊಳವೆಯಲ್ಲಿ ಮಣ್ಣು ಉಳಿದಿದ್ದರೆ ಮತ್ತೊಂದು ಪರೀಕ್ಷೆ ಮಾಡಿಸಿ. ಕೊಳವೆಯ ತುದಿಯ ಮಣ್ಣು ಬೇಡ, ನಡುಭಾಗದಿಂದ ಕತ್ತರಿಸಲಿ. ಭಾರದ ಹಂತಗಳು 25, 50, 80, 100, 125, 150, 175, 200, ಆಮೇಲೆ 400, 800, 1600 ಇರಲಿ. ತಿರುವಿನ ಸುತ್ತ ಬಿಂದುಗಳು ಒತ್ತಾಗಿರಬೇಕು, ಕೆಳಗಿನ ನೇರ ಭಾಗ ಗಟ್ಟಿಯಾಗಿ ಸಿಗುವಷ್ಟು ದೂರ ಭಾರ ಹೋಗಬೇಕು. ಫಲಿತಾಂಶವನ್ನು ಲಾಗ್ ಅಲ್ಲದ ಸಾಮಾನ್ಯ ಅಳತೆಯಲ್ಲೂ ಒಮ್ಮೆ ಬಿಡಿಸಿ. ಲಾಗ್ ಅಳತೆಯಲ್ಲಿ ತಿರುವೇ ಇಲ್ಲದ ಮಣ್ಣೂ ಬಾಗಿದಂತೆ ಕಾಣುತ್ತದೆ. ಸಾಮಾನ್ಯ ಅಳತೆಯಲ್ಲೂ ಇಳಿಜಾರು ಒಮ್ಮೆಲೇ ಕಡಿದಾದರೆ ತಿರುವು ನಿಜ.

ಪ್ರಯೋಗಾಲಯದ ಮೇಲ್ವಿಚಾರಕಿ: ಒಂದು ವಿಷಯ ಸೇರಿಸುತ್ತೇನೆ ಸರ್. ನಾವು ಪ್ರತಿ ಹಂತವನ್ನೂ 24 ಗಂಟೆ ಬಿಟ್ಟು ಓದುತ್ತೇವೆ. ಪ್ರಾಥಮಿಕ ಕನ್ಸಾಲಿಡೇಷನ್ ಮುಗಿದ ಕ್ಷಣದ ಓದುಗಳಿಂದ ವಕ್ರರೇಖೆ ಬಿಡಿಸಿದರೆ ಪ್ರೀಕನ್ಸಾಲಿಡೇಷನ್ ಒತ್ತಡ ಶೇ. 10ರಷ್ಟು ಮೇಲೆ ಬರುತ್ತದೆ. ವರದಿಯಲ್ಲಿ ಯಾವುದನ್ನು ಬರೆಯಬೇಕು?

ಭೂತಾಂತ್ರಿಕ ಸಲಹೆಗಾರರು: ಎರಡನ್ನೂ ಬರೆಯಿರಿ ಮೇಡಂ, ಯಾವುದು ಯಾವ ಓದಿನದು ಎಂದು ಸ್ಪಷ್ಟವಾಗಿರಲಿ. ನಾಲ್ಕು ಮೀಟರ್ ಪದರದಲ್ಲಿ ಮಣ್ಣು ಪ್ರಯೋಗಾಲಯಕ್ಕಿಂತ ಎಷ್ಟೋ ನಿಧಾನವಾಗಿ ಕುಗ್ಗುತ್ತದೆ, ಹಾಗಾಗಿ ನಾನು 24 ಗಂಟೆಯ ಅಂಕಿಯನ್ನೇ ಬಳಸುತ್ತೇನೆ. ಇದನ್ನು ಒಪ್ಪದ ಅನುಭವಿಗಳೂ ಇದ್ದಾರೆ, ಈ ವಾದ ಇನ್ನೂ ಮುಗಿದಿಲ್ಲ.

ಪ್ರಶ್ನೆ ಕೇಳಿದವರು: ಕೊಳವೆಯಲ್ಲಿ ಒಂದು ಮಾದರಿಗೆ ಸಾಲುವಷ್ಟು ಮಣ್ಣು ಉಳಿದಿದೆ, ನೀವು ಹೇಳಿದ ಹಂತಗಳಲ್ಲೇ ಮಾಡಿಸುತ್ತೇನೆ. ಅಲ್ಲಿಯವರೆಗೆ ಸ್ಟ್ರಕ್ಚರಲ್ ಎಂಜಿನಿಯರಿಗೆ ಏನು ಹೇಳಲಿ? ಅವರಿಗೆ 50 ಮಿಲಿಮೀಟರ್ ಮೀರಬಾರದು.

ಭೂತಾಂತ್ರಿಕ ಸಲಹೆಗಾರರು: 30ರಿಂದ 50 ಎಂದು ಹೇಳಿ, ಜೊತೆಗೆ ಹಳೆಯ ಗರಿಷ್ಠ ಒತ್ತಡ 130ಕ್ಕಿಂತ ಕೆಳಗೆ ಬಂದರೆ 50 ದಾಟುವ ಸಾಧ್ಯತೆಯಿದೆ ಎಂದೂ ಬರೆದುಕೊಡಿ. ಅದು 160 ಎಂದೇ ಸಾಬೀತಾದರೂ ಅಂತಿಮ ಒತ್ತಡ 140 ಅದಕ್ಕೆ ಬಹಳ ಹತ್ತಿರವಿದೆ. ಅಷ್ಟು ಹತ್ತಿರದಲ್ಲಿ ವರ್ಷಗಟ್ಟಲೆ ನಡೆಯುವ ಕ್ರೀಪ್ ಕುಸಿತ ಸೇರಿಕೊಳ್ಳುತ್ತದೆ, ಮೇಲಿನ ಸೂತ್ರದಲ್ಲಿ ಅದು ಇಲ್ಲ. ನೆಲಮಾಳಿಗೆಯನ್ನು ಇನ್ನೊಂದು ಮೀಟರ್ ಆಳಕ್ಕೆ ಇಳಿಸಲು ಅವಕಾಶವಿದೆಯೇ ಎಂದು ಈಗಲೇ ಕೇಳಿಡಿ. ಸೇರುವ 60ರಲ್ಲಿ 15 ಕಡಿಮೆಯಾದರೂ ಅಂತಿಮ ಒತ್ತಡ 125ಕ್ಕೆ ಇಳಿಯುತ್ತದೆ, ಆಗ 136 ಎಂಬ ವೇನ್ ಅಂಕಿಯೇ ನಿಜವಾಗಿದ್ದರೂ ನೀವು Cr ಇಳಿಜಾರಿನಲ್ಲೇ ಇರುತ್ತೀರಿ.