ಮೇಲ್ಬೀದಿ ನೀರು: ಗುರುವಾರದ ಗ್ರಾಮಸಭೇಲಿ ಏನು ಹೇಳಲಿ?

ಹೊಸ ಸದಸ್ಯೆ: ಎಲ್ರಿಗೂ ನಮಸ್ಕಾರ. ಗುರುವಾರ ನನಗೆ ಮೊದಲ ಗ್ರಾಮಸಭೆ. ಪರಿಚಯ ಹೇಳ್ಕೊಳ್ಳೋಕೆ ಬರೆದಿದ್ದೀನಿ, ತಪ್ಪಿದ್ರೆ ತಿದ್ದಿ.

"ನಾನು ಮೇಲ್ಬೀದಿ ಕೊನೇ ಮನೆ ಸೊಸೆ. ಹತ್ತನೇ ಕ್ಲಾಸ್ ಓದಿದ್ದೀನಿ, ಹೊಲಿಗೆ ಕೆಲಸ ಮಾಡ್ತೀನಿ. ಮದುವೆಯಾಗಿ ಬಂದು ಹದಿನಾಲ್ಕು ವರ್ಷ, ಅಷ್ಟೂ ವರ್ಷ ಬೆಳಗಿನ ಜಾವ ಐದಕ್ಕೆ ನಲ್ಲಿ ಮುಂದೆ ಕೂತಿದ್ದೀನಿ. ಕೆಳಬೀದೀಲಿ ತೊಟ್ಟಿ ತುಂಬಿ ಚರಂಡಿಗೆ ಹರಿಯೋ ಹೊತ್ತಲ್ಲಿ ನಮಗೆ ನಾಲ್ಕು ಕೊಡಕ್ಕೇ ನೀರು ನಿಲ್ಲುತ್ತೆ. ಮೂರು ತಿಂಗಳಲ್ಲಿ ಹೊಸ ಪೈಪ್ ಹಾಕಿಸಿಕೊಡ್ತೀನಿ."

ಡೇರಿ ಅಣ್ಣ: ಚೆನ್ನಾಗಿದೆ ಕಣಮ್ಮ. ಗ್ರಾಮಸಭೇಲಿ ಒಪ್ಪಿಗೆ ತಗೊಂಡು ನಿನ್ನ ಸದಸ್ಯರ ನಿಧೀಲಿ ಹಾಕಿಸಿಬಿಡು.

ನಿವೃತ್ತ ಕಾರ್ಯದರ್ಶಿ: ಒಪ್ಪಿಗೆ ಬೇಕು ಅನ್ನೋದು ಸರಿ. ಆದ್ರೆ ಪಂಚಾಯ್ತಿ ಸದಸ್ಯರಿಗೆ ಶಾಸಕರ ಹಾಗೆ ಸ್ವಂತ ನಿಧಿ ಇಲ್ಲ. ಕ್ರಿಯಾ ಯೋಜನೇಲಿ ಸೇರಬೇಕು, ಪಂಚಾಯ್ತಿ ಸಭೆ ಒಪ್ಪಬೇಕು. ಅದಕ್ಕೇ ತಾಯಿ, ಆ ಕೊನೇ ಸಾಲು ತೆಗೆದುಬಿಡಿ. "ಈ ಬೇಡಿಕೆ ನಡಾವಳಿ ಪುಸ್ತಕದಲ್ಲಿ ಬರೀಬೇಕು, ಬರೆದದ್ದನ್ನ ಇಲ್ಲೇ ಓದಬೇಕು" ಅನ್ನಿ. ಬಾಯಲ್ಲಿ ಹೇಳಿ ಪುಸ್ತಕಕ್ಕೆ ಇಳಿಯದೇ ಹೋದ ಬೇಡಿಕೆಗಳನ್ನ ಎಷ್ಟೋ ನೋಡಿದ್ದೀನಿ.

ಅಂಗಡಿ ಅಕ್ಕ: ನಮ್ಮ ಇ-ಸ್ವತ್ತು ಅರ್ಜಿ ಕೊಟ್ಟು ಏಳು ತಿಂಗಳಾಯ್ತು, ಅದನ್ನೂ ಸೇರಿಸ್ಕೊಳಮ್ಮ.

ಹೊಸ ಸದಸ್ಯೆ: ಅಕ್ಕ, ಅರ್ಜಿಯ ಸ್ವೀಕೃತಿ ಚೀಟಿ ತನ್ನಿ, ಪಿಡಿಒ ಹತ್ರ ಜೊತೇಲೇ ಹೋಗೋಣ. ಸಾರ್, ಹೊಸ ಪೈಪ್ ಬೇಕೇ ಬೇಕು ಅಂತ ಹೇಳೋದು ಹೇಗೆ?

ನಿವೃತ್ತ ಕಾರ್ಯದರ್ಶಿ: ಮೊದಲು ನೋಡಿ. ನೀರಗಂಟಿಗೆ ಹೇಳಿಸಿ ಒಂದು ಬೆಳಗ್ಗೆ ಕೆಳಬೀದಿ ವಾಲ್ವ್ ಪೂರ್ತಿ ಮುಚ್ಚಿಸಿ. ಕೊನೇ ಮನೇಲಿ ಕೊಡ ಇಟ್ಟು ಗಡಿಯಾರ ಹಿಡೀರಿ. ಕೊಡ ಬೇಗ ತುಂಬಿದ್ರೆ ಪೈಪ್ ಸರಿ ಇದೆ, ಎರಡು ಬೀದಿಗೆ ಬೇರೆ ಬೇರೆ ಹೊತ್ತಲ್ಲಿ ಬಿಟ್ರೆ ಸಾಕು. ಆಗಲೂ ಸಣ್ಣಗೆ ಬಂದ್ರೆ ಪೈಪ್ ಕಟ್ಟಿರಬೇಕು, ಇಲ್ಲ ಎಲ್ಲೋ ಒಡೆದಿರಬೇಕು. ಆದರೆ ಅವತ್ತು ನಿಮ್ಮ ಬೀದೀಲೂ ಯಾರೂ ನಲ್ಲಿಗೆ ಮೋಟರ್ ಹಾಕಿರಬಾರದು. ಒಬ್ಬರು ಎಳೆದ್ರೆ ಮುಂದಿನ ಮನೆಗೆ ಬರೀ ಗಾಳಿ, ಪೈಪ್ ಬಿರುಕಿದ್ರೆ ಚರಂಡಿ ನೀರೂ ಒಳಗೆ ಬರುತ್ತೆ.

ಕೆಳಬೀದಿ ರೈತ: ಬೆಳಗ್ಗೆ ಮುಚ್ಚಿದ್ರೆ ನಮ್ಮ ಹಸುಗಳಿಗೆ ನೀರೆಲ್ಲಿ? ಮೊದಲು ನಿಮ್ಮ ಬೀದಿ ಮೋಟರ್ ಎಣಿಸಿ.

ಹೊಸ ಸದಸ್ಯೆ: ನಿಜ ಅಣ್ಣ, ನಮ್ಮಲ್ಲೂ ಮೂರು ಮನೇಲಿವೆ, ನಮ್ಮ ಪಕ್ಕದ ಮನೇಲೂ ಇದೆ. ಅವರನ್ನ ಇವತ್ತೇ ಕೇಳ್ತೀನಿ. ಹಿಂದಿನ ರಾತ್ರಿ ತೊಟ್ಟಿ ತುಂಬಿಸಿಕೊಂಡ್ರೆ ಒಂದು ಗಂಟೆ ಬಿಟ್ಟುಕೊಡ್ತೀರಾ?

ಕೆಳಬೀದಿ ರೈತ: ಮನೇಲಿ ಕೇಳಿ ಹೇಳ್ತೀನಿ.

ಹೊಸ ಸದಸ್ಯೆ: ಕೊನೇ ಸಾಲು ಬದಲಾಯಿಸಿದೆ: "ಹೊಸ ಪೈಪ್ ಕೊಡಿಸ್ತೀನಿ ಅಂತ ಇವತ್ತು ಹೇಳಲ್ಲ. ಕೊಡ ತುಂಬೋಕೆ ಎಷ್ಟು ನಿಮಿಷ ಆಗುತ್ತೆ ಅಂತ ಎರಡೂ ಬೀದಿಯವರ ಎದುರು ನೋಡಿ, ವಾರ್ಡ್ ಸಭೇಲಿ ಹೇಳ್ತೀನಿ. ನೀರಿನ ಬೇಡಿಕೆ ಮಾತ್ರ ಇವತ್ತೇ ಪುಸ್ತಕದಲ್ಲಿ ಬರೀರಿ."

ಡೇರಿ ಅಣ್ಣ: ಹದಿನೈದು ಲೀಟರ್ ಕೊಡ ನಮ್ಮಲ್ಲಿದೆ, ತರ್ತೀನಿ.